ಕೋಲಾರಕ್ಕೆ ಹೊಸದಾಗಿ ಬಂದವರಿಗೆ: ಬಸುರಿ, ಬಾಣಂತಿ, ಮಕ್ಕಳಿಗೆ ಯಾವ ಮೀನು, ವಾರಕ್ಕೆ ಎಷ್ಟು ಸಲ

ನರಸಾಪುರ, ವೇಮಗಲ್, ಮಾಲೂರು ಕಡೆಯ ಕಾರ್ಖಾನೆಗಳಿಗೆ ಕೆಲಸಕ್ಕೆ ಬರುವವರಲ್ಲಿ ಕರಾವಳಿಯವರೂ ಇದ್ದಾರೆ. ಬಾಡಿಗೆ ಮನೆ, ಗ್ಯಾಸು, ಮಕ್ಕಳ ಶಾಲೆ ಎಲ್ಲ ಒಂದು ಹಂತಕ್ಕೆ ಬಂದಮೇಲೆ ಅವರು ನಮ್ಮ ಸಂಘದವರನ್ನು ತಪ್ಪದೆ ಕೇಳುವ ಮಾತು, "ಇಲ್ಲಿ ಒಳ್ಳೆ ಮೀನು ಎಲ್ಲಿ ಸಿಗುತ್ತೆ?" ಮೀನು ಸಿಗುತ್ತದೆ. ಹೆಸರು ಮಾತ್ರ ಬೇರೆ. ಗಡಿ ಊರಾದ್ದರಿಂದ ಅಂಗಡಿಯಲ್ಲಿ ತಮಿಳು, ತೆಲುಗು ಹೆಸರುಗಳೇ ಜಾಸ್ತಿ ಓಡುತ್ತವೆ. ನಿಮ್ಮ ಅಂಜಲ್ ಇಲ್ಲಿ ವಂಜರಂ. ಬೂತಾಯಿ ಇಲ್ಲಿ ಮತ್ತಿ. ಮಾಂಜಿಗೆ ವವ್ವಾಲ್ ಅಂತಾರೆ. ತಾಟೆ, ಅಂದರೆ ಶಾರ್ಕ್, ಇಲ್ಲಿ ಸೊರ. ಕೈಬೆರಳುದ್ದದ ನೆತ್ತಿಲಿಯೂ ಬರುತ್ತದೆ.

ಮನೆಯಲ್ಲಿ ಬಸುರಿಯೋ ಬಾಣಂತಿಯೋ ಚಿಕ್ಕ ಮಕ್ಕಳೋ ಇದ್ದರೆ ಈ ಹೆಸರುಗಳನ್ನು ಸರಿಯಾಗಿ ತಿಳಿದುಕೊಳ್ಳಲೇಬೇಕು. ಕಾರಣ ಪಾದರಸ.

ಕಲ್ಲಿದ್ದಲು ಸುಟ್ಟಾಗ, ಚಿನ್ನದ ಗಣಿಗಾರಿಕೆಯಲ್ಲಿ, ಜ್ವಾಲಾಮುಖಿಯಿಂದ, ಹೀಗೆ ನಾನಾ ದಾರಿಯಲ್ಲಿ ಪಾದರಸ ಗಾಳಿಗೆ ಸೇರಿ ಕೊನೆಗೆ ನೀರಿಗೆ ಬೀಳುತ್ತದೆ. ನೀರಿನಲ್ಲೂ ಕೆಸರಿನಲ್ಲೂ ಇರುವ ಬ್ಯಾಕ್ಟೀರಿಯಾ ಅದನ್ನು ಮೀಥೈಲ್ ಪಾದರಸ ಎಂಬ ರೂಪಕ್ಕೆ ಬದಲಾಯಿಸುತ್ತವೆ. ಈ ರೂಪ ಮೈಯೊಳಗೆ ಹೋದರೆ ಬೇಗ ಹೊರಗೆ ಬರುವುದಿಲ್ಲ. ಪಾಚಿಯಲ್ಲಿ ಇದ್ದದ್ದು ಪಾಚಿ ತಿನ್ನುವ ಸಣ್ಣ ಹುಳಕ್ಕೆ ಬರುತ್ತದೆ, ಹುಳದ್ದು ಬೂತಾಯಿಗೆ, ನೂರಾರು ಬೂತಾಯಿಯದ್ದು ಒಂದು ಅಂಜಲ್‌ಗೆ. ಒಂದೊಂದು ಮೆಟ್ಟಿಲಿಗೂ ಅದು ಹೆಚ್ಚುತ್ತಲೇ ಹೋಗುತ್ತದೆ. ಹಾಗಾಗಿ ಮೀನಿನ ಅಂಗಡಿಯಲ್ಲಿ ಎರಡೇ ಪ್ರಶ್ನೆ ಕೇಳಿಕೊಂಡರೆ ಸಾಕು. ಈ ಮೀನು ಬೇರೆ ಮೀನನ್ನು ತಿಂದು ಬದುಕುತ್ತಾ? ಎಷ್ಟು ವರ್ಷ ಬದುಕಿ ಎಷ್ಟು ದಪ್ಪ ಆಗಿದೆ?

ಇದನ್ನು ತೊಳೆದು ತೆಗೆಯಬಹುದು ಅಂತ ಹಲವರು ನಂಬಿದ್ದಾರೆ. ಉಪ್ಪು, ಅರಿಶಿನ, ಹುಣಸೆಹುಳಿ ಹಚ್ಚಿಟ್ಟರೆ ವಾಸನೆ ಹೋಗುತ್ತದೆ, ಪಾದರಸ ಹೋಗುವುದಿಲ್ಲ. ಅದು ಕೊಬ್ಬಿನಲ್ಲೋ ಚರ್ಮದಲ್ಲೋ ಕೂತಿರುವುದಿಲ್ಲ, ಮಾಂಸಕ್ಕೇ ಅಂಟಿಕೊಂಡಿರುತ್ತದೆ. ಚರ್ಮ ಸುಲಿದರೂ ಅಷ್ಟೇ, ಕುದಿಸಿದರೂ ಅಷ್ಟೇ. ಒಣಮೀನಿನಲ್ಲಿ ನೀರು ಹೋಗಿರುವುದರಿಂದ ಅದೇ ತೂಕಕ್ಕೆ ಇನ್ನೂ ಜಾಸ್ತಿ ಇರುತ್ತದೆ. ಒಣಗಿಸಿದ ಸೊರ ತರುವವರು ಇದನ್ನು ಮರೆಯಬಾರದು.

ಒಂದು ಮನೆಯ ಲೆಕ್ಕ ಹೇಳುತ್ತೇನೆ. ಕುಂದಾಪುರ ಕಡೆಯಿಂದ ಬಂದ ದಂಪತಿ. ಆಕೆಗೆ ಐದು ತಿಂಗಳು, ತೂಕ 55 ಕೆಜಿ. ಮಗುವಿಗೆ ಒಳ್ಳೆಯದು ಅಂತ ಗಂಡ ಪ್ರತಿ ಭಾನುವಾರ ಇರುವುದರಲ್ಲೇ ದುಬಾರಿಯಾದ ವಂಜರಂ ತರುತ್ತಿದ್ದರು. ಭಾನುವಾರ ಎರಡು ತುಂಡು ಫ್ರೈ, ಸೋಮವಾರ ಉಳಿದ ಸಾರಿನಲ್ಲಿ ಒಂದು ತುಂಡು. ಮೂರೂ ಸೇರಿ ಸುಮಾರು 225 ಗ್ರಾಂ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಮತ್ತು ಕೃಷಿ ಸಂಸ್ಥೆಯ ಜಂಟಿ ತಜ್ಞರ ಸಮಿತಿ 2003ರಲ್ಲಿ ಒಂದು ಮಿತಿ ಹೇಳಿದೆ. ಮೈತೂಕದ ಪ್ರತಿ ಕೆಜಿಗೆ ವಾರಕ್ಕೆ 1.6 ಮೈಕ್ರೋಗ್ರಾಂ ಮೀಥೈಲ್ ಪಾದರಸ. ಹೊಟ್ಟೆಯಲ್ಲಿರುವ ಮಗುವಿನ ಮಿದುಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಆ ಮಿತಿ ಹಾಕಿದ್ದು. 55 ಕೆಜಿಯವರಿಗೆ ಅದು ವಾರಕ್ಕೆ 88 ಮೈಕ್ರೋಗ್ರಾಂ.

ಈಗ ಮೀನಿನ ಕಡೆ ನೋಡೋಣ. ನಮ್ಮ ಅಂಜಲ್ ಜಾತಿಯದ್ದೇ ಆದ, ಅಮೆರಿಕದಲ್ಲಿ ಸಿಗುವ ಕಿಂಗ್ ಮ್ಯಾಕರೆಲ್ ಎಂಬ ದೊಡ್ಡ ಮೀನಿನಲ್ಲಿ ಗ್ರಾಂಗೆ ಸರಾಸರಿ 0.73 ಮೈಕ್ರೋಗ್ರಾಂ ಪಾದರಸ ಇದೆ ಅಂತ ಅಲ್ಲಿನ ಆಹಾರ ಮತ್ತು ಔಷಧ ಇಲಾಖೆಯ ಪಟ್ಟಿ ಹೇಳುತ್ತದೆ. ಅದೇ ಜಾತಿಯ ಚಿಕ್ಕ ಮೀನಿನಲ್ಲಿ, ಹಿಡಿದ ಜಾಗ ನೋಡಿಕೊಂಡು, 0.18ರಿಂದ 0.45. ನಮ್ಮ ದಂಪತಿಯ ತುಂಡಿನಲ್ಲಿ 0.5 ಇತ್ತು ಅಂತ ಇಟ್ಟುಕೊಳ್ಳಿ. 225 ಗ್ರಾಂಗೆ 112 ಮೈಕ್ರೋಗ್ರಾಂ ಆಯಿತು, ಮಿತಿ ದಾಟಿತು. 0.2 ಮಾತ್ರ ಇದ್ದರೆ 45, ಮಿತಿಯೊಳಗೆ. ಅಂದರೆ ಅಂಜಲ್ ವಿಷಯದಲ್ಲಿ ಗಾತ್ರವೇ ಎಲ್ಲ. ಅದೇ 225 ಗ್ರಾಂ ಮತ್ತಿ ತಿಂದಿದ್ದರೆ? ಅದೇ ಪಟ್ಟಿಯಲ್ಲಿ ಸಾರ್ಡೀನ್ ಜಾತಿಯ ಸರಾಸರಿ 0.013. ಲೆಕ್ಕ ಹಾಕಿದರೆ 3 ಮೈಕ್ರೋಗ್ರಾಂ ಆಗುತ್ತದೆ, ಅಷ್ಟೇ.

ಅಂಗಡಿಯಲ್ಲಿ ತುಂಡು ಮಾತ್ರ ಇಟ್ಟಿದ್ದರೆ ಗಾತ್ರ ತಿಳಿಯುವುದು ಹೇಗೆ? ಹೊಟ್ಟೆಯ ಭಾಗದ ತುಂಡನ್ನು ನಿಮ್ಮ ಅಂಗೈ ಪಕ್ಕ ಹಿಡಿದು ನೋಡಿ. ಇಡೀ ಅಂಗೈ ಮುಚ್ಚುವಷ್ಟು ಅಗಲ ಇದ್ದರೆ, ನಡುವಿನ ಮೂಳೆ ಹೆಬ್ಬೆರಳು ದಪ್ಪ ಇದ್ದರೆ, ಅದು ದೊಡ್ಡ, ವಯಸ್ಸಾದ ಮೀನು. ತಲೆ ತೋರಿಸಿ ಅಂತ ಕೇಳಿ, ಇಡೀ ಮೀನು ಎಷ್ಟು ಕೆಜಿ ಇತ್ತು ಅಂತಲೂ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ, ಅಂಗಡಿಯವರು ಹೇಳುತ್ತಾರೆ. ದೊಡ್ಡ ವಂಜರಂಗೇ ಇಲ್ಲಿ ರೇಟು ಜಾಸ್ತಿ, ದೊಡ್ಡದೇ ಒಳ್ಳೆಯದು ಅನ್ನುವ ಭಾವನೆಯೂ ಇದೆ. ಬಸುರಿಗೆ ಮಾತ್ರ ಅದು ಬೇಡ. ಎರಡು ಕೆಜಿ ಒಳಗಿನ ಚಿಕ್ಕ ಮೀನಾದರೆ ವಾರಕ್ಕೆ ಒಂದೇ ಸಲ, ಒಂದೇ ತುಂಡು, ಆ ವಾರ ಬೇರೆ ಮೀನು ಇಲ್ಲ. ನಾವು ನಮ್ಮ ಮನೆಗಳಲ್ಲಿ ಇಟ್ಟುಕೊಂಡಿರುವ ಲೆಕ್ಕ ಇದು.

ಇನ್ನು ಸೊರ. ಇದರ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಬಾಣಂತಿಗೆ ಹಾಲು ಬರಲಿ ಅಂತ ಸೊರಪುಟ್ಟು ಮಾಡಿಕೊಡುವ ಪದ್ಧತಿ ಈ ಕಡೆ ಇದೆ. ಮೀನನ್ನು ಬೇಯಿಸಿ, ಚರ್ಮ ತೆಗೆದು, ಮಾಂಸ ಪುಡಿ ಮಾಡಿ, ಬೆಳ್ಳುಳ್ಳಿ, ಮೆಣಸು, ಅರಿಶಿನ ಹಾಕಿ ಹುರಿಯುತ್ತಾರೆ. ಕರಾವಳಿಯ ಮನೆಗಳಲ್ಲೂ ತಾಟೆ ಕೊಡುವುದುಂಟು. ಪಕ್ಕದ ಮನೆಯ ಅಜ್ಜಿ ಪ್ರೀತಿಯಿಂದ ತಂದುಕೊಟ್ಟಾಗ ಬೇಡ ಅನ್ನಲು ಮನಸ್ಸು ಬರುವುದಿಲ್ಲ, ಅಲ್ವಾ? ಆದರೆ ಶಾರ್ಕ್ ಜಾತಿಯ ಸರಾಸರಿ ಗ್ರಾಂಗೆ ಸುಮಾರು 0.98 ಮೈಕ್ರೋಗ್ರಾಂ. 100 ಗ್ರಾಂ ತಿಂದರೆ 55 ಕೆಜಿ ತೂಕದ ಹೆಂಗಸಿನ ಇಡೀ ವಾರದ ಮಿತಿ ಅಲ್ಲಿಗೇ ದಾಟುತ್ತದೆ. ಎದೆಹಾಲಿನಲ್ಲೂ ಸ್ವಲ್ಪ ಪಾಲು ಮಗುವಿಗೆ ಹೋಗುತ್ತದೆ. ಮರಿ ಸೊರದಲ್ಲಿ ದೊಡ್ಡದಕ್ಕಿಂತ ಕಡಿಮೆ ಇರುತ್ತದೆ ನಿಜ, ಆದರೆ ತುಂಡು ಮಾಡಿಟ್ಟಮೇಲೆ ಮರಿ ಯಾವುದು, ದೊಡ್ಡದು ಯಾವುದು ಅಂತ ಹೇಗೆ ಹೇಳುತ್ತೀರಿ? ಬಸುರಿ, ಬಾಣಂತಿ, ಮಕ್ಕಳು ಮೂವರಿಗೂ ಸೊರ ಬೇಡವೇ ಬೇಡ. ಅಜ್ಜಿಗೆ ಹೀಗೆ ಹೇಳಿ: "ಅದೇ ಮಸಾಲೆಯಲ್ಲಿ ನೆತ್ತಿಲಿ ಪುಟ್ಟು ಮಾಡ್ಕೊಡಿ ಅಜ್ಜಿ." ನಮ್ಮ ಮನೆಯಲ್ಲಿ ಹಾಗೇ ಮಾಡಿದೆವು. ನೆತ್ತಿಲಿಯನ್ನು ಬೇಯಿಸಿ ಮುಳ್ಳು ತೆಗೆದರೆ ಪುಟ್ಟು ಚೆನ್ನಾಗಿ ಬರುತ್ತದೆ.

ತುಂಡು ಸೊರ ಹೌದೋ ಅಲ್ಲವೋ ಅನ್ನುವ ಅನುಮಾನ ಬಂದರೆ ಚರ್ಮದ ಮೇಲೆ ಬಾಲದಿಂದ ತಲೆಯ ಕಡೆಗೆ ಬೆರಳು ಎಳೆಯಿರಿ. ಮರಳು ಕಾಗದದ ಹಾಗೆ ಒರಟಾಗಿರುತ್ತದೆ. ನಡುವೆ ಗಟ್ಟಿ ಮೂಳೆಯ ಬದಲು ಮೃದ್ವಸ್ಥಿ ಇರುತ್ತದೆ, ಪಕ್ಕೆಲುಬಿನಂಥ ಮುಳ್ಳುಗಳು ಇರುವುದಿಲ್ಲ. ಮುಳ್ಳಿಲ್ಲ ಅಂತಲೇ ಇದನ್ನು ಮಕ್ಕಳಿಗೆ ಕೊಡುವವರೂ ಇದ್ದಾರೆ, ಅದಕ್ಕೇ ಇಷ್ಟು ಬಿಡಿಸಿ ಹೇಳಿದ್ದು.

ಹಾಗಂತ ಮೀನನ್ನೇ ಬಿಡಬೇಡಿ. ಪಾದರಸದ ಮಾತು ಕೇಳಿ ಒಂಬತ್ತು ತಿಂಗಳೂ ಮೀನು ಮುಟ್ಟದೆ ಕೂತವರನ್ನು ನೋಡಿದ್ದೇವೆ. ಮಗುವಿನ ಮಿದುಳಿಗೆ ಬೇಕಾದ ಒಮೆಗಾ-3 ಕೊಬ್ಬು ಮತ್ತಿಯಲ್ಲೂ ಬಂಗುಡೆಯಲ್ಲೂ ಧಾರಾಳ ಇದೆ. ಬಸುರಿಯರು ವಾರಕ್ಕೆ 225ರಿಂದ 340 ಗ್ರಾಂ ಕಡಿಮೆ ಪಾದರಸದ ಮೀನು ತಿನ್ನಬೇಕು ಅಂತಲೇ ಅಮೆರಿಕದ ಅದೇ ಇಲಾಖೆ ಸಲಹೆ ಕೊಡುತ್ತದೆ. ಎರಡು ಅಥವಾ ಮೂರು ಊಟಕ್ಕೆ ಹಂಚಿಕೊಳ್ಳಿ. ಮತ್ತಿ, ನೆತ್ತಿಲಿ, ಬಂಗುಡೆ, ಸಿಗಡಿ, ಬೆರಳೆಣಿಕೆಯ ತಿಂಗಳಲ್ಲಿ ಬೆಳೆಯುವ ಜಿಲೇಬಿ ಮೀನು, ಇವೆಲ್ಲ ಆಗುತ್ತವೆ. ಕೊಳದಲ್ಲಿ ಸಾಕಿದ ರೋಹು, ಕಟ್ಲಾ ಕೂಡ ಪಾಚಿ, ಸೊಪ್ಪು, ಹಿಂಡಿ ತಿಂದು ಬೆಳೆಯುವಂಥವು. ಕೊರಮೀನು ಮಾತ್ರ ಬೇರೆ ಮೀನು ತಿನ್ನುವ ಜಾತಿ, ಅದನ್ನು ಆಗೊಮ್ಮೆ ಈಗೊಮ್ಮೆ ಇಟ್ಟುಕೊಳ್ಳಿ. ಒಂದು ಮಾತು ನೆನಪಿರಲಿ. ಈ ಲೆಕ್ಕವೆಲ್ಲ ಮೀನಿನ ಜಾತಿ ನೋಡಿ ಹಾಕಿದ್ದು. ಕಾರ್ಖಾನೆಯ ಕೊಳಕು ನೀರು ನೇರವಾಗಿ ಬೀಳುವ ಕೆರೆಯ ಮೀನಿಗೆ ಇದು ನಡೆಯುವುದಿಲ್ಲ. 1956ರಲ್ಲಿ ಬೆಳಕಿಗೆ ಬಂದ ಜಪಾನಿನ ಮಿನಮಾಟ ದುರಂತದಲ್ಲಿ ಕಾರ್ಖಾನೆಯ ಪಾದರಸ ಕೊಲ್ಲಿಯ ನೀರಿಗೇ ಸೇರಿತ್ತು. ಅಲ್ಲಿ ಸಣ್ಣ ಮೀನು, ಚಿಪ್ಪುಮೀನು ತಿಂದವರೂ ನರಗಳ ಕಾಯಿಲೆಗೆ ತುತ್ತಾದರು.

ಮಕ್ಕಳಿಗೆ ವಾರಕ್ಕೆ ಎರಡು ಸಲ, ಇದೇ ಕಡಿಮೆ ಪಾದರಸದ ಮೀನುಗಳಿಂದ. ಒಂದರಿಂದ ಮೂರು ವರ್ಷದ ಮಗುವಿಗೆ ಒಂದು ಸಲಕ್ಕೆ ಸುಮಾರು 30 ಗ್ರಾಂ, ನಾಲ್ಕರಿಂದ ಏಳರವರೆಗೆ 55ರಿಂದ 60, ಎಂಟರಿಂದ ಹತ್ತರವರೆಗೆ 85, ಹನ್ನೊಂದಕ್ಕೆ ದೊಡ್ಡವರಷ್ಟೇ, ಅಂದರೆ ಸುಮಾರು 110 ಗ್ರಾಂ. ಇದು ಹಸಿ ಮಾಂಸದ ತೂಕ. ಕೆಜಿಗೆ ಏಳೆಂಟು ಬರುವ ಬಂಗುಡೆಯಲ್ಲಿ ತಲೆ, ಕರುಳು, ಮುಳ್ಳು ಕಳೆದರೆ 80 ಗ್ರಾಂ ಆಸುಪಾಸು ಉಳಿಯುತ್ತದೆ. ಐದು ವರ್ಷದ ಮಗುವಿಗೆ ಅದರಲ್ಲಿ ಮುಕ್ಕಾಲು ಸಾಕು. ಮಗುವಿನ ತೂಕ 15 ಕೆಜಿ ಅಂತಾದರೆ ಅದರ ವಾರದ ಮಿತಿ 24 ಮೈಕ್ರೋಗ್ರಾಂ ಮಾತ್ರ. ಅಪ್ಪನ ತಟ್ಟೆಯಿಂದ ದೊಡ್ಡ ವಂಜರಂನ 60 ಗ್ರಾಂ ಮುರಿದು ಕೊಟ್ಟರೆ ಒಂದೇ ತುತ್ತಿನ ಆಟದಲ್ಲಿ ಅದು ದಾಟಿಹೋಗುತ್ತದೆ. ಅಪ್ಪನಿಗೆ ಸರಿಹೋಗುವ ತುಂಡು ಮಗುವಿಗೆ ಸರಿಹೋಗುವುದಿಲ್ಲ.

ಕೊನೆಯದಾಗಿ, ಈಗಾಗಲೇ ಸೊರ ತಿಂದಾಗಿದೆ ಅಂತ ಹೆದರಿ ಫೋನ್ ಮಾಡುವವರಿಗೆ. ಒಂದು ಊಟದಿಂದ ಅನಾಹುತ ಆಗುವುದಿಲ್ಲ, ತಿಂಗಳುಗಟ್ಟಲೆ ಸೇರುತ್ತಾ ಹೋಗುವುದೇ ಸಮಸ್ಯೆ. ಮೈಯಲ್ಲಿರುವ ಮೀಥೈಲ್ ಪಾದರಸ ಅರ್ಧಕ್ಕೆ ಇಳಿಯಲು ಸುಮಾರು 50 ದಿನ ಬೇಕು. ಆದ್ದರಿಂದ ಮಗು ಬೇಕು ಅಂತ ಯೋಚಿಸುತ್ತಿರುವವರು ಬಸಿರು ನಿಂತಮೇಲೆ ಅಲ್ಲ, ಐದಾರು ತಿಂಗಳು ಮೊದಲೇ ಸೊರ ಮತ್ತು ದೊಡ್ಡ ವಂಜರಂ ಬಿಟ್ಟರೆ ಒಳ್ಳೆಯದು. ಬಾಣಂತಿಯರು ಇದಕ್ಕೆ ಹೆದರಿ ಹಾಲೂಡಿಸುವುದನ್ನು ನಿಲ್ಲಿಸಬಾರದು, ಮೀನು ಬದಲಾಯಿಸಿದರೆ ಸಾಕು. ವಾರಕ್ಕೆ ಎರಡು ಮೂರು ಸಲ ದೊಡ್ಡ ಮೀನನ್ನು ಎಷ್ಟೋ ತಿಂಗಳಿಂದ ತಿನ್ನುತ್ತಾ ಬಂದ ಬಸುರಿ ಆದರೆ, ಮುಂದಿನ ತಪಾಸಣೆಗೆ ಹೋದಾಗ ಯಾವ ಮೀನು, ಎಷ್ಟು ದಿನ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಡಾಕ್ಟರಿಗೆ ತೋರಿಸಿ. ಬೇಕು ಅನ್ನಿಸಿದರೆ ಅವರು ರಕ್ತದಲ್ಲಿ ಪಾದರಸದ ಪರೀಕ್ಷೆ ಬರೆದುಕೊಡುತ್ತಾರೆ.