ಬಿಸಿ ಕಂಪ್ರೆಸರ್ ಹೇಳಿದ ಸುಳ್ಳು

ಫ್ರಿಜ್ ರಿಪೇರಿಗೆ ಹೋದಲ್ಲಿ ನಾನು ಮೊದಲು ಕಿವಿಗೊಡುವುದು ಫ್ರಿಜ್ಜಿನ ಸದ್ದಿಗೆ. ಆ ದಿನ ಮಾತ್ರ ಇಬ್ಬರ ಜಗಳವನ್ನು ದಾಟಿಕೊಂಡು ಅದರ ಬಳಿಗೆ ಹೋಗಬೇಕಾಯಿತು. ಮನೆ ಬಾಡಿಗೆಯದು, ಫ್ರಿಜ್ ಮಾಲೀಕರದು; ಒಂದೇ ಬಾಗಿಲಿನ, ಸುಮಾರು 11 ವರ್ಷ ಹಳೆಯ ಪೆಟ್ಟಿಗೆ. ಮೂರು ದಿನಗಳಿಂದ ಅದು ತಂಪಾಗುತ್ತಿರಲಿಲ್ಲ. ಹಿಂದಿನ ದಿನ ಬಂದಿದ್ದ ಮೆಕ್ಯಾನಿಕ್ ಒಬ್ಬರು ಐದೇ ನಿಮಿಷದಲ್ಲಿ ಮೀಟರ್ ಹಿಡಿದು ನೋಡಿ, ಕಂಪ್ರೆಸರ್ ಸುಟ್ಟಿದೆ, ಬದಲಿಸಬೇಕು ಎಂದು ಹೇಳಿ ಹೋಗಿದ್ದರು. ಆ ಮಾತಿನಿಂದಲೇ ಜಗಳ ಕಾವೇರಿತ್ತು.

ಮಾಲೀಕರು ನನ್ನನ್ನು ಕಂಡೊಡನೆ ಫ್ರೀಜರಿನ ಬಾಗಿಲು ತೆರೆದು ಒಳಗಿನ ಅಲ್ಯೂಮಿನಿಯಂ ತಗಡಿನ ಮೇಲಿದ್ದ ಉದ್ದನೆಯ ಗೀರನ್ನು ತೋರಿಸಿದರು. "ನೋಡಪ್ಪಾ, ಚಾಕು ಹಾಕಿ ಐಸ್ ಕಿತ್ತಿದ್ದಾರೆ. ಗ್ಯಾಸ್ ಹೋಗಿ ಕಂಪ್ರೆಸರ್ ಸುಟ್ಟುಹೋಗಿದೆ. ಮುಂಗಡದಲ್ಲಿ ಹಿಡಿದುಕೊಳ್ಳುತ್ತೇನೆ" ಎಂದರು. ಬಾಡಿಗೆಗಿದ್ದ ಹೆಣ್ಣುಮಗಳು, "ಗೀರು ನಾವು ಬರುವ ಮೊದಲೇ ಇತ್ತು ಸರ್. ಅಷ್ಟು ಹಳೆಯ ಫ್ರಿಜ್ ಕೊಟ್ಟು ನಮ್ಮ ತಲೆಗೆ ಕಟ್ಟಿದರೆ ಹೇಗೆ?" ಎಂದು ಉತ್ತರಿಸಿದರು. ಗೀರು ಯಾರದು ಎಂಬುದನ್ನು ಯಾವ ಮೀಟರೂ ಹೇಳುವುದಿಲ್ಲವಾದ್ದರಿಂದ ಆ ಪ್ರಶ್ನೆಗೆ ನಾನು ಕೈಹಾಕಲಿಲ್ಲ. ಆದರೆ ಗ್ಯಾಸ್ ಹೋದ ಫ್ರಿಜ್ ಹೇಗೆ ವರ್ತಿಸುತ್ತದೆ ಎಂಬುದು ನನಗೆ ಗೊತ್ತಿತ್ತು. ಸಾಮಾನ್ಯವಾಗಿ ಅದರ ಕಂಪ್ರೆಸರ್ ನಿಲ್ಲದೆ ಓಡುತ್ತಲೇ ಇರುತ್ತದೆ. ಒಳಗೆ ತಂಪಾಗುವುದಿಲ್ಲ, ಹಿಂದಿನ ಕಂಡೆನ್ಸರ್ ಜಾಲರಿ ಬಿಸಿಯೂ ಆಗುವುದಿಲ್ಲ. ಈ ಫ್ರಿಜ್ ಓಡುತ್ತಲೇ ಇರಲಿಲ್ಲ.

ಅದನ್ನು ನನಗೆ ಮನವರಿಕೆ ಮಾಡಿಕೊಡಲು ಇಬ್ಬರೂ ಸರದಿಯಂತೆ ಸ್ವಿಚ್ ಹಾಕಿ ತೆಗೆದರು. ಕಂಪ್ರೆಸರ್ ಎಂಟು ಹತ್ತು ಸೆಕೆಂಡು ಗುಂಯ್ ಎಂದು ಗುನುಗಿ ಟಕ್ ಎಂದು ನಿಂತಿತು. ಎರಡನೆಯ ಬಾರಿಗೆ ಗುನುಗಲೂ ಇಲ್ಲ. ಬಾಗಿಲು ತೆರೆದರೆ ಒಳಗಿನ ದೀಪ ಚೆನ್ನಾಗಿಯೇ ಉರಿಯುತ್ತಿತ್ತು. "ಕರೆಂಟ್ ಬರುತ್ತಿದೆಯಲ್ಲ, ಅಂದಮೇಲೆ ದೋಷ ಮೆಷಿನ್ನಿನದೇ" ಎಂಬ ಒಂದು ಮಾತಿನಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿತ್ತು. ಕೊನೆಗೆ ತಪ್ಪಾಗಿದ್ದು ಆ ಮಾತೇ.

ಪ್ಲಗ್ ಕಿತ್ತು, ಫ್ರಿಜ್ಜನ್ನು ಗೋಡೆಯಿಂದ ಮುಂದಕ್ಕೆಳೆದು, ಕಂಪ್ರೆಸರಿನ ಪಕ್ಕದ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ, ಮೋಟರನ್ನು ಚಾಲೂ ಮಾಡಿಕೊಡುವ ಸ್ಟಾರ್ಟಿಂಗ್ ರಿಲೇಯನ್ನು ಹೊರತೆಗೆದೆ. ಈಗ ಕಂಪ್ರೆಸರಿನ ಮೂರು ಪಿನ್ನುಗಳು ಕಾಣಿಸಿದವು: ಕಾಮನ್, ರನ್ನಿಂಗ್ ಮತ್ತು ಸ್ಟಾರ್ಟಿಂಗ್. ರನ್ನಿಂಗ್ ಮತ್ತು ಸ್ಟಾರ್ಟಿಂಗ್ ನಡುವೆ 37 ಓಂ ಬಂತು. ಕಾಮನ್ನಿನಿಂದ ರನ್ನಿಂಗಿಗೂ ಏನೂ ಬರಲಿಲ್ಲ, ಸ್ಟಾರ್ಟಿಂಗಿಗೂ ಏನೂ ಬರಲಿಲ್ಲ, ಎರಡೂ ಓಪನ್. ಹಿಂದಿನ ದಿನದ ಮೆಕ್ಯಾನಿಕ್ ಕಂಡದ್ದೂ ಬಹುಶಃ ಇದನ್ನೇ. ಒಳಗಿನ ಮೋಟರಿನ ತಂತಿಸುತ್ತು, ಅಂದರೆ ವೈಂಡಿಂಗ್, ಕತ್ತರಿಸಿಹೋಗಿದೆ ಎನ್ನಲು ಮೇಲ್ನೋಟಕ್ಕೆ ಇಷ್ಟು ಸಾಕು, ಮತ್ತು ಈ ಕಸುಬಿಗೆ ಬಂದ ಹೊಸದರಲ್ಲಿ ನಾನೂ ಹೀಗೆಯೇ ಹೇಳಿ ಒಂದು ಒಳ್ಳೆಯ ಕಂಪ್ರೆಸರನ್ನು ಗುಜರಿಗೆ ಕಳಿಸಿದ್ದೇನೆ.

ಆದರೆ ರನ್ನಿಂಗ್, ಸ್ಟಾರ್ಟಿಂಗ್ ಎಂಬ ಎರಡು ವೈಂಡಿಂಗುಗಳೂ ಒಂದೇ ಸಲ ಕತ್ತರಿಸಿಹೋಗುವುದು ಅಪರೂಪ. ಜೊತೆಗೆ, ರನ್ನಿಂಗಿನಿಂದ ಸ್ಟಾರ್ಟಿಂಗಿಗೆ 37 ಓಂ ಬರಬೇಕಾದರೆ ಆ ದಾರಿ ಎರಡೂ ವೈಂಡಿಂಗುಗಳ ಮೂಲಕವೇ ಹಾದುಹೋಗಬೇಕು. ಅಂದರೆ ಎರಡೂ ಸರಿಯಾಗಿವೆ, ಕಡಿದಿರುವುದು ಅವು ಕೂಡುವ ಜಾಗದಿಂದ ಕಾಮನ್ ಪಿನ್ನಿಗೆ ಬರುವ ತಂತಿಯ ದಾರಿ. ಕೆಲವು ಕಂಪ್ರೆಸರುಗಳಲ್ಲಿ ಓವರ್‌ಲೋಡ್ ಪ್ರೊಟೆಕ್ಟರ್ ಹೊರಗಡೆ ರಿಲೇಯ ಪಕ್ಕದಲ್ಲಿರದೆ ಒಳಗೆ, ವೈಂಡಿಂಗಿಗೆ ಅಂಟಿಕೊಂಡಂತೆ, ಸರಿಯಾಗಿ ಆ ದಾರಿಯಲ್ಲೇ ಇರುತ್ತದೆ. ವೈಂಡಿಂಗ್ ಮಿತಿಮೀರಿ ಕಾದರೆ ಅದು ತೆರೆದುಕೊಳ್ಳುತ್ತದೆ, ತಣಿದ ಮೇಲೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಈ ಫ್ರಿಜ್ಜಿನ ಹೊರಗಡೆ ಎಲ್ಲಿಯೂ ಓವರ್‌ಲೋಡ್ ಕಾಣಲಿಲ್ಲ. ಕಂಪ್ರೆಸರಿನ ಮೇಲೆ ಅಂಗೈ ಇಟ್ಟರೆ ಇಟ್ಟಷ್ಟೇ ಬೇಗ ತೆಗೆಯಬೇಕಾಗಿತ್ತು.

ಆದ್ದರಿಂದ, "ಒಂದು ಗಂಟೆ ಯಾರೂ ಇದನ್ನು ಮುಟ್ಟಬಾರದು" ಎಂದು ಹೇಳಿ ಕುಳಿತುಕೊಂಡೆ. ಒಳಗಿನ ಪ್ರೊಟೆಕ್ಟರ್ ಮುಚ್ಚಿಕೊಳ್ಳಲು ಮುಕ್ಕಾಲು ಗಂಟೆ ಹಿಡಿಯುವುದು ಅಸಹಜವಲ್ಲ. ಏಕೆಂದರೆ ದಪ್ಪ ಉಕ್ಕಿನ ಚಿಪ್ಪಿನೊಳಗೆ, ಎಣ್ಣೆಯ ನಡುವೆ ಕುಳಿತ ವೈಂಡಿಂಗಿನ ಕಾವು ಇಳಿಯುವುದು ನಿಧಾನ. ಕಾಯುವಾಗ ವಿಚಾರಿಸಿದ್ದಕ್ಕೆ ತಿಳಿದದ್ದೇನೆಂದರೆ, ಮೂರು ದಿನಗಳಿಂದ ಫ್ರಿಜ್ಜಿನ ಸ್ವಿಚ್ಚನ್ನು ಹೆಚ್ಚು ಹೊತ್ತು ಆರಿಸಿಟ್ಟಿರಲೇ ಇಲ್ಲ. ಮಾಲೀಕರು ಬಂದಾಗ, ನೆರೆಯವರು ಬಂದಾಗ, ಮೆಕ್ಯಾನಿಕ್ ಬಂದಾಗಲೆಲ್ಲ ಹಾಕಿ ತೆಗೆದು ತೋರಿಸಲಾಗಿತ್ತು. ಪ್ರೊಟೆಕ್ಟರ್ ಮುಚ್ಚಿಕೊಂಡೊಡನೆ ಮೋಟರ್ ಮತ್ತೆ ತಿರುಗಲಾಗದೆ ಗುನುಗಿ ಬಿಸಿಯಾಗುತ್ತಿತ್ತು. ಜಗಳದ ಸಾಕ್ಷಿಗಾಗಿ ಹಾಕಿದ ಒಂದೊಂದು ಸ್ವಿಚ್ಚೂ ಅದನ್ನು ತಣಿಯಲು ಬಿಟ್ಟಿರಲಿಲ್ಲ.

ಮಾಲೀಕರಿಗೆ ಕಾಯುವುದು ರುಚಿಸಲಿಲ್ಲ. ಐಸ್ ನೀರು ತಂದು ಮೇಲೆ ಸುರಿದರೆ ಬೇಗ ತಣಿಯುವುದಿಲ್ಲವೇ ಎಂದು ಕೇಳಿದರು. ಪಿನ್ನುಗಳು ಬೆತ್ತಲಾಗಿರುವ ಜಾಗಕ್ಕೆ ನೀರು ಹಾಕಿದರೆ ನಾನು ಎದ್ದು ಹೋಗುವುದಾಗಿ ಹೇಳಿದೆ.

ಒಂದು ಗಂಟೆ ಹತ್ತು ನಿಮಿಷದ ನಂತರ ಚಿಪ್ಪು ಕೈಗೆ ಬೆಚ್ಚಗಾಗಿ ಮಾತ್ರ ಹತ್ತಿದಾಗ ಮತ್ತೆ ಅಳೆದೆ. ಕಾಮನ್ನಿನಿಂದ ರನ್ನಿಂಗಿಗೆ 14 ಓಂ, ಕಾಮನ್ನಿನಿಂದ ಸ್ಟಾರ್ಟಿಂಗಿಗೆ 18, ರನ್ನಿಂಗಿನಿಂದ ಸ್ಟಾರ್ಟಿಂಗಿಗೆ 32. ಮೊದಲೆರಡನ್ನು ಕೂಡಿದರೆ ಮೂರನೆಯದು ಬರಬೇಕು, ಬಂದಿತು. ಮೊದಲು 37 ಇದ್ದದ್ದು 32ಕ್ಕೆ ಇಳಿದದ್ದೂ ಲೆಕ್ಕಕ್ಕೆ ಸರಿಹೊಂದಿತು, ಏಕೆಂದರೆ ತಾಮ್ರ ಬಿಸಿಯಾದಷ್ಟೂ ಅದರ ರೋಧ ಹೆಚ್ಚುತ್ತದೆ. ಮೂರೂ ಪಿನ್ನುಗಳಿಂದ ಬಣ್ಣ ಕೆರೆದ ಚಿಪ್ಪಿಗೆ, ಕರೆಂಟ್ ಸೋರಿಕೆಯನ್ನು ಪತ್ತೆಹಚ್ಚುವ ಮೀಟರಾದ ಮೆಗ್ಗರ್ ಹಚ್ಚಿ ನೋಡಿದೆ. ಎಲ್ಲಿಯೂ ಸೋರಿಕೆ ಇರಲಿಲ್ಲ. ಕಂಪ್ರೆಸರ್ ಸುಟ್ಟಿಲ್ಲ ಎಂದು ಹೇಳಿದಾಗ ಇಬ್ಬರೂ ಒಮ್ಮೆಗೇ ಸುಮ್ಮನಾದರು, ಆದರೆ ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಹಾಗಾದರೆ ಮತ್ತೇನು ಎಂಬ ಪ್ರಶ್ನೆ ಬಂದೇ ಬಂತು.

ನನ್ನ ಮೊದಲ ಅನುಮಾನ ರಿಲೇಯ ಮೇಲಿತ್ತು. ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗಿನ ಬಿಲ್ಲೆ ಒಡೆದಿದ್ದರೆ ಚೂರುಗಳ ಗಲಗಲ ಸದ್ದು ಕೇಳಿಸುತ್ತದೆ, ಕೇಳಿಸಲಿಲ್ಲ. ಅಳತೆಯೂ ಸರಿಯಿತ್ತು. ಆದರೂ ಅನುಮಾನ ಉಳಿಯಬಾರದೆಂದು ನನ್ನ ಬಳಿಯಿದ್ದ, ಚೆನ್ನಾಗಿರುವುದೆಂದು ಖಾತ್ರಿಯಿದ್ದ ರಿಲೇಯನ್ನು ಹಾಕಿ ಅದೇ ಸಾಕೆಟ್ಟಿಗೆ ಪ್ಲಗ್ ಚುಚ್ಚಿದೆ. ಮತ್ತೆ ಅದೇ ಗುಂಯ್, ಅದೇ ಟಕ್. ಒಂದು ಕ್ಷಣ ನನಗೂ ಅಳುಕಾಯಿತು. ವೈಂಡಿಂಗ್ ಸರಿಯಿದ್ದೂ ಒಳಗಿನ ಪಿಸ್ಟನ್ ಬಿಗಿದುಕೊಂಡಿದ್ದರೆ ಲಕ್ಷಣ ಹೀಗೆಯೇ ಇರುತ್ತದೆ, ಮತ್ತು ಆಗ ಹಿಂದಿನ ದಿನದ ಮೆಕ್ಯಾನಿಕ್ ತಪ್ಪು ಕಾರಣ ಹೇಳಿಯೂ ಸರಿಯಾದ ತೀರ್ಪು ಕೊಟ್ಟಂತಾಗುತ್ತಿತ್ತು.

ಆ ತೀರ್ಮಾನಕ್ಕೆ ಬರುವ ಮೊದಲು ನೋಡಲೇಬೇಕಾದ ಒಂದು ಸಂಗತಿ ಉಳಿದಿತ್ತು. ಅಳತೆಗೆಂದೇ ನಾನು ಕಟ್ಟಿಕೊಂಡಿರುವ ಒಂದು ಮೊಳದ ವೈರಿದೆ. ಪ್ಲಗ್ ಮತ್ತು ಸಾಕೆಟ್ಟಿನ ನಡುವೆ ಅದನ್ನು ಸೇರಿಸಿದರೆ ಫ್ರಿಜ್ ಚಾಲೂ ಆಗುವಾಗಿನ ವೋಲ್ಟೇಜನ್ನೂ ಕರೆಂಟನ್ನೂ ಒಟ್ಟಿಗೆ ನೋಡಬಹುದು. ಕಂಪ್ರೆಸರನ್ನು ಮತ್ತೊಮ್ಮೆ ತಣಿಯಲು ಬಿಟ್ಟು, ಅದನ್ನು ಸೇರಿಸಿದೆ. ಸ್ವಿಚ್ ಹಾಕುವ ಮೊದಲು ಸಾಕೆಟ್ಟಿನಲ್ಲಿ 226 ವೋಲ್ಟ್. ಹಾಕಿದೊಡನೆ ಮೀಟರ್ 150ಕ್ಕೆ ಕುಸಿಯಿತು, ಕ್ಲ್ಯಾಂಪ್ ಮೀಟರ್ 6 ಆಂಪಿಯರ್ ತೋರಿಸಿತು. ಕೂಡಲೇ ಆರಿಸಿದೆ.

76 ವೋಲ್ಟ್ ದಾರಿಯಲ್ಲೆಲ್ಲೋ ಕಳೆದುಹೋಗುತ್ತಿತ್ತು. 76ನ್ನು 6ರಿಂದ ಭಾಗಿಸಿದರೆ 12 ಓಂಗಿಂತ ತುಸು ಹೆಚ್ಚು. ಅಷ್ಟು ರೋಧ ಗೋಡೆಯ ವೈರಿನಲ್ಲಿ ಇರಬಾರದು, ಎಲ್ಲೋ ಒಂದು ಕೂಡುಜಾಗದಲ್ಲಿ ಸೇರಿಕೊಂಡಿದೆ. ದೀಪದ ಒಗಟೂ ಇಲ್ಲಿಯೇ ಬಿಡಿಸಿಕೊಳ್ಳುತ್ತದೆ. ಒಳಗಿನ ಪುಟ್ಟ ದೀಪ ಎಳೆಯುವ ಕರೆಂಟ್ ಆಂಪಿಯರಿನ ಸಣ್ಣದೊಂದು ಪಾಲು ಮಾತ್ರ, ಆದ್ದರಿಂದ ಅದರ ಪಾಲಿಗೆ ಆ 12 ಓಂ ಇದ್ದೂ ಇಲ್ಲದಂತೆ. ಕಂಪ್ರೆಸರ್ ಓಡುವಾಗ ಎಳೆಯುವುದೂ ಒಂದು ಆಂಪಿಯರಿನೊಳಗೇ. ಆದರೆ ನಿಂತಲ್ಲಿಂದ ತಿರುಗಲು ಹೊರಡುವ ಆ ಅರೆಕ್ಷಣದಲ್ಲಿ ಅದಕ್ಕೆ ಹಲವು ಪಟ್ಟು ಕರೆಂಟ್ ಬೇಕು. ಸರಿಯಾಗಿ ಆಗಲೇ ವೋಲ್ಟೇಜ್ ಕುಸಿದರೆ ತಿರುಗುವ ಬಲ ವೋಲ್ಟೇಜಿಗಿಂತಲೂ ವೇಗವಾಗಿ ಕುಸಿಯುತ್ತದೆ. 226ರಿಂದ 150ಕ್ಕೆ ಇಳಿದರೆ ಬಲ ಅರ್ಧಕ್ಕೂ ಕೆಳಗೆ ಇಳಿದಿರುತ್ತದೆ.

ಫ್ರಿಜ್ಜನ್ನು ನಡುಮನೆಯ ಇನ್ನೊಂದು ಸಾಕೆಟ್ಟಿಗೆ ಎಳೆದೊಯ್ದು, ಅದರದೇ ಹಳೆಯ ರಿಲೇಯನ್ನು ಮರಳಿ ಹಾಕಿ, ಇನ್ನೊಂದು ಗಂಟೆ ಬಿಟ್ಟು ಸ್ವಿಚ್ ಒತ್ತಿದೆ. ಒಂದು ಸಣ್ಣ ನಡುಕದೊಂದಿಗೆ ಅದು ಓಡತೊಡಗಿತು. ವೋಲ್ಟೇಜ್ ಒಮ್ಮೆ 219ಕ್ಕೆ ಇಳಿದು ಮೇಲೆ ಬಂತು. ಬಾಡಿಗೆಯ ಹೆಣ್ಣುಮಗಳು ಫ್ರಿಜ್ಜಿನ ಮೈಗೆ ಕೈ ಇಟ್ಟು ನಿಂತರು, ಮಾಲೀಕರು ಮಾತ್ರ, "ಗ್ಯಾಸ್?" ಎಂದರು. ಅದು ನ್ಯಾಯವಾದ ಪ್ರಶ್ನೆಯೇ. ಇಪ್ಪತ್ತು ನಿಮಿಷದಲ್ಲಿ ಕಂಡೆನ್ಸರ್ ಜಾಲರಿ ಮೇಲಿನಿಂದ ಬೆಚ್ಚಗಾಗುತ್ತ ಬಂತು, ಫ್ರೀಜರಿನ ತಗಡಿನ ಮೇಲೆ ಎಲ್ಲ ಕಡೆಗೂ ಸಮನಾಗಿ ತೆಳುವಾದ ಹಿಮ ಕೂತಿತು. ಗ್ಯಾಸ್ ಕಡಿಮೆಯಿದ್ದಿದ್ದರೆ ಹಿಮ ಗ್ಯಾಸ್ ಒಳಬರುವ ತುದಿಯಲ್ಲಷ್ಟೇ ಕಟ್ಟಿ, ಉಳಿದ ಭಾಗ ಬರಿದಾಗಿರುತ್ತಿತ್ತು. ಗೀರಿನ ಮೇಲೂ ಹಿಮ ಕೂತದ್ದನ್ನು ಟಾರ್ಚ್ ಹಿಡಿದು ಅವರಿಗೆ ತೋರಿಸಿದೆ.

ನಂತರ ಮೇನ್ ಆರಿಸಿ ಅಡುಗೆಮನೆಯ ಸಾಕೆಟ್ಟಿನ ಫಲಕ ಬಿಚ್ಚಿದೆವು. ನ್ಯೂಟ್ರಲ್ ವೈರನ್ನು ಹಿಡಿದಿದ್ದ ಸ್ಕ್ರೂ ಬೆರಳಿನಿಂದಲೇ ತಿರುಗುವಷ್ಟು ಸಡಿಲವಾಗಿತ್ತು. ವೈರಿನ ಹೊದಿಕೆ ಒಂದು ಅಂಗುಲದವರೆಗೆ ಕರಕಲಾಗಿತ್ತು, ಹಿಂಭಾಗದ ಪ್ಲಾಸ್ಟಿಕ್ ಕಂದಾಗಿ ಉಬ್ಬಿತ್ತು. 6 ಆಂಪಿಯರ್ ಕರೆಂಟ್ 12 ಓಂ ಮೂಲಕ ಹರಿದರೆ ಆ ಒಂದು ಚುಕ್ಕೆಯಲ್ಲಿ 400 ವ್ಯಾಟಿಗೂ ಮೀರಿದ ಕಾವು ಹುಟ್ಟುತ್ತದೆ. ಮೂರು ದಿನ ಅದನ್ನು ಹಾಗೆಯೇ ಕಾಯಿಸುತ್ತಿದ್ದರು ಎಂಬುದನ್ನು ನೆನೆದರೆ ಫ್ರಿಜ್ಜಿನ ಚಿಂತೆ ನನಗೆ ಸಣ್ಣದಾಗಿ ಕಂಡಿತು.

ಮಾಲೀಕರು ಕರಕಲಾದ ಸಾಕೆಟ್ಟನ್ನು ಕೈಯಲ್ಲಿ ತಿರುಗಿಸಿ ನೋಡುತ್ತ, "ಇದಕ್ಕೇ ನೀರು ಕಾಯಿಸುವ ಕೆಟಲ್ಲನ್ನೂ ಹಾಕುತ್ತಿದ್ದಿರಾ?" ಎಂದು ಕೇಳಿದರು. ಕೆಲವೊಮ್ಮೆ ಹಾಕುತ್ತಿದ್ದುದುಂಟು ಎಂದು ಆಕೆ ಒಪ್ಪಿಕೊಂಡರು. ಇಬ್ಬರೂ ನನ್ನ ಮುಖ ನೋಡಿದರು. ಭಾರವಾದ ಕರೆಂಟ್ ಹರಿದಾಗಲೆಲ್ಲ ಕೂಡುಜಾಗ ಕಾದು ತಣಿಯುತ್ತ ಸ್ಕ್ರೂ ನಿಧಾನವಾಗಿ ಸಡಿಲಗೊಳ್ಳುತ್ತದೆ, ಆದರೆ ಮೊದಲ ದಿನ ಅದನ್ನು ಎಷ್ಟು ಬಿಗಿ ಮಾಡಿದ್ದರು ಎಂಬುದು ಈಗ ತಿಳಿಯುವಂತಿಲ್ಲ ಎಂದಷ್ಟೇ ಹೇಳಿದೆ. ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ಗೋಡೆಯೊಳಗಿನದು ತಮ್ಮದೇ ಹೊಣೆ ಎಂದರು. ಆಕೆ, ಕೆಟಲ್ಲಿಗೆ ಬೇರೆ ಸಾಕೆಟ್ ಬಳಸುವುದಾಗಿಯೂ ನನ್ನ ಕೂಲಿಯನ್ನು ತಾನೇ ಕೊಡುವುದಾಗಿಯೂ ಹೇಳಿದರು. ಮಾಲೀಕರು ಅರ್ಧ ತಮ್ಮದಿರಲಿ ಎಂದರು, ಅದರ ಮೇಲೆ ಸಣ್ಣದೊಂದು ವಾದವೂ ನಡೆಯಿತು.

ಮರುದಿನ ಎಲೆಕ್ಟ್ರಿಷಿಯನ್ ಹೊಸ ಸಾಕೆಟ್ ಕೂರಿಸಿ, ಕರಕಲಾದಷ್ಟು ವೈರನ್ನು ಕತ್ತರಿಸಿ ಜೋಡಿಸಿದ ಮೇಲೆ ನಾನು ಮತ್ತೊಮ್ಮೆ ಹೋಗಿ ಅಲ್ಲಿಯೇ ಅಳೆದೆ. ಚಾಲೂ ಆಗುವಾಗ ವೋಲ್ಟೇಜ್ 220ಕ್ಕಿಂತ ಕೆಳಗಿಳಿಯಲಿಲ್ಲ, ಫ್ರೀಜರಿನಲ್ಲಿಟ್ಟ ಥರ್ಮಾಮೀಟರ್ ಮೈನಸ್ 16 ತೋರಿಸುತ್ತಿತ್ತು. ಗೀರು ಹಿಮದ ಕೆಳಗೆ ಮುಚ್ಚಿಹೋಗಿತ್ತು. ಅದು ಯಾರದು ಎಂಬ ಮಾತನ್ನು ಆ ದಿನ ಯಾರೂ ಎತ್ತಲಿಲ್ಲ.