ವರ್ಕ್ ಫ್ರಮ್ ಹೋಮ್ ಕೇಳೋ ಮುಂಚೆ ನಿಮ್ಮ ಕೆಲಸದ ಹಿಂದಿನ ನಂಬರ್‌ಗಳನ್ನ ತೆಗೆದಿಟ್ಕೊಳ್ಳಿ

ಮನೆಯಿಂದ ಕೆಲಸ ಮಾಡ್ಲಾ ಅಂತ ಸುಮ್ನೆ ಕೇಳ್ಬೇಡಿ, ಮ್ಯಾನೇಜರ್‌ಗೆ ಮೇಲ್ ಬರೆದು 8 ವಾರದ ಟ್ರಯಲ್ ಕೇಳಿ, ಯಾವಾಗ ನಿಲ್ಲಿಸ್ಬೇಕು ಅನ್ನೋದನ್ನೂ ಆ ಮೇಲ್‌ನಲ್ಲೇ ನೀವೇ ಬರೆದು ಕೊಡಿ. ಈಗ ಕಸ್ಟಮರ್ ಸಪೋರ್ಟ್‌ನಲ್ಲಿದ್ದೀರಿ ಅಂದ್ಕೊಳ್ಳಿ, ಕಸ್ಟಮರ್‌ಗಳ ದೂರು ದಾಖಲಾಗೋ ಟಿಕೆಟ್ ಸಿಸ್ಟಮ್‌ನಿಂದ ಹಿಂದಿನ 8 ವಾರದ ರಿಪೋರ್ಟ್ ತೆಗೀರಿ, ಮೊದಲ ರಿಪ್ಲೈಗೆ ಸರಾಸರಿ 3 ಗಂಟೆ, ವಾರಕ್ಕೆ 40 ಟಿಕೆಟ್ ಕ್ಲೋಸ್ ಅಂತ ಇದ್ರೆ ಹೀಗೆ ಬರೀಬಹುದು: "ಮಂಗಳವಾರ, ಗುರುವಾರ ಮನೆಯಿಂದ ಮಾಡ್ತೀನಿ, ಈ ಎರಡು ನಂಬರ್ ಈಗಿನದಕ್ಕಿಂತ ಕೆಡಲ್ಲ, ಸತತ ಎರಡು ವಾರ ಕೆಟ್ರೆ ಮುಂದಿನ ಸೋಮವಾರದಿಂದ ಪೂರ್ತಿ ಆಫೀಸಿಗೆ ವಾಪಸ್ ಬರ್ತೀನಿ, 4ನೇ ವಾರ ಒಂದ್ಸಲ ಕೂತು ನೋಡೋಣ." ಮ್ಯಾನೇಜರ್‌ಗೆ ನಿಜವಾದ ಭಯ ಏನಂದ್ರೆ ಒಂದ್ಸಲ ಹೂಂ ಅಂದ್ಮೇಲೆ ವಾಪಸ್ ತಗೊಳ್ಳೋದು ಕಷ್ಟ, ಜೊತೆಗೆ ಅವರ ಮೇಲಿನವರಿಗೂ ಉತ್ತರ ಕೊಡ್ಬೇಕು, ನಿಮ್ಮ ಮೇಲ್ ಆ ಎರಡನ್ನೂ ಮೊದಲೇ ಬಗೆಹರಿಸಿಬಿಡತ್ತೆ. ನಂಬರ್ ಮಾತ್ರ ಅವರೇ ತೆರೆದು ನೋಡೋಕಾಗೋ ಸಿಸ್ಟಮ್‌ನದ್ದೇ ಇರ್ಲಿ, ನೀವೇ ಬರೆದಿಟ್ಟ ಶೀಟ್ ಯಾರೂ ನಂಬಲ್ಲ, ಎಷ್ಟು ಗಂಟೆ ಆನ್‌ಲೈನ್ ಇದ್ದೆ ಅನ್ನೋ ಲೆಕ್ಕ ಅಂತೂ ಖಂಡಿತ ಕೊಡ್ಬೇಡಿ, ಅದು ಕೆಲಸ ತೋರ್ಸಲ್ಲ, ಕಾವಲು ಕಾಯೋಕೆ ದಾರಿ ಮಾಡ್ಕೊಡತ್ತೆ ಅಷ್ಟೆ. ಇದು ನಡೆಯದಿರೋ ಕಡೆನೂ ಇದೆ: ಹೊಸದಾಗಿ ಸೇರಿದ್ರೆ ಹೋಲಿಸೋಕೆ ಹಳೇ ನಂಬರೇ ಇರಲ್ಲ, ಕಂಪನಿ ಪಾಲಿಸಿನೇ ಬೇಡ ಅಂದಿದ್ರೆ ಮ್ಯಾನೇಜರ್ ಒಪ್ಪಿದ್ರೂ ಪ್ರಯೋಜನ ಇಲ್ಲ, ಇನ್ನು ಪಕ್ಕದಲ್ಲಿರೋ ಜೂನಿಯರ್‌ಗಳು ದಿನವಿಡೀ ನಿಮ್ಮನ್ನೇ ಕೇಳ್ತಾ ಇರ್ತಾರೆ ಅಂದ್ರೆ ನಿಮ್ಮ ನಂಬರ್ ಚೆನ್ನಾಗೇ ಇರತ್ತೆ ಆದ್ರೆ ಅವರದ್ದು ಕುಸಿಯತ್ತೆ, ಹಂಗಾಗಿ ಅಂಥವರು ಟೀಮ್‌ನ ಒಟ್ಟು ನಂಬರನ್ನೂ ಸೇರಿಸಿ ಕೊಡಿ.