ಮಾರ್ಕ್ಸ್ ಕಾರ್ಡಿನ ಫೋಟೊ ಕಳಿಸಿ ‘ಬರೋಬರಿ ಐತೇನ್ರಿ’ ಎಂದು ಕೇಳಿದಾಗ ನಾನು ಅದನ್ನು ಓದುವ ಬಗೆ

ಕುಷ್ಟಗಿ ತಾಲ್ಲೂಕಿನ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡಿ ನಿವೃತ್ತನಾದ ಮೇಲೂ ಅರ್ಧವಾರ್ಷಿಕ ಪರೀಕ್ಷೆ ಮುಗಿದು ಪ್ರಗತಿ ಪತ್ರಗಳು ಮನೆಗೆ ಬರುವ ಹೊತ್ತಿನಲ್ಲಿ ನನ್ನ ಫೋನಿಗೆ ಫೋಟೊಗಳು ಬರುತ್ತಿರುತ್ತವೆ. ಕಳಿಸುವವರಲ್ಲಿ ಹೆಚ್ಚಿನವರು ದುಡಿಯಲು ಬೆಂಗಳೂರಿಗೋ ಮಂಗಳೂರಿಗೋ ಹೋದ ತಂದೆ ತಾಯಂದಿರು. ಮಕ್ಕಳು ಊರಿನಲ್ಲಿ ಅಜ್ಜಿಯ ಹತ್ತಿರ ಇರುತ್ತಾರೆ, ಕಾರ್ಡನ್ನು ಪಕ್ಕದ ಮನೆಯ ಹುಡುಗ ಫೋಟೊ ತೆಗೆದು ತಂದೆಗೆ ಕಳಿಸುತ್ತಾನೆ, ತಂದೆ ಅದನ್ನು ಹಾಗೆಯೇ ನನಗೆ ಕಳಿಸಿ ‘ಸರ, ಇದು ಬರೋಬರಿ ಐತೇನ್ರಿ?’ ಎಂದು ಒಂದೇ ಸಾಲು ಕೇಳುತ್ತಾರೆ. ಅವರಿಗೆ ಬೇಕಾದದ್ದು ಅಂಕಗಳ ವಿವರಣೆಯಲ್ಲ. ಮಗು ಹಿಂದೆ ಬಿದ್ದಿದೆಯೇ, ತಾವು ಏನಾದರೂ ಮಾಡಬೇಕೇ ಎಂಬುದಷ್ಟೇ ಅವರಿಗೆ ತಿಳಿಯಬೇಕು. ಈ ಎರಡು ಪ್ರಶ್ನೆಗಳಿಗೆ ಉತ್ತರ ಕಾರ್ಡಿನ ಶ್ರೇಣಿಯ ಕಾಲಮಿನಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಅದನ್ನು ನಾನು ಹೇಗೆ ಹುಡುಕುತ್ತೇನೆ ಎಂಬುದನ್ನು ಐದನೆಯ ತರಗತಿಯ ಒಬ್ಬ ಹುಡುಗಿಯ ಕಾರ್ಡನ್ನು ಮುಂದಿಟ್ಟುಕೊಂಡು ಹೇಳುತ್ತೇನೆ.

ಆ ತಂದೆ ಕಳಿಸಿದ್ದು ಒಳಪುಟದ ಒಂದೇ ಫೋಟೊ. ಮೊದಲು ನಾನು ಕೇಳಿದ್ದು ಉಳಿದ ಪುಟಗಳನ್ನು. ಹೊರಪುಟದಲ್ಲಿ ಹೆಸರು ಮತ್ತು ತರಗತಿ ಇರುತ್ತದೆ, ಅಕ್ಕ ತಂಗಿಯರ ಕಾರ್ಡುಗಳು ಅದಲುಬದಲಾಗುವುದು ಅಪರೂಪವಲ್ಲವಾದ್ದರಿಂದ ಅದನ್ನು ನೋಡಲೇಬೇಕು. ತಿಂಗಳವಾರು ಹಾಜರಾತಿಯೂ ಶಿಕ್ಷಕರ ಷರಾವೂ ಈ ಕಾರ್ಡಿನಲ್ಲಿ ಹಿಂಬದಿಯಲ್ಲಿದ್ದವು. ಫೋಟೊದಲ್ಲಿ ಬೆಳಕು ಬಿದ್ದು ಅಳಿಸಿದಂತಾದ ಅಂಕಿಯನ್ನು ಊಹೆಯಿಂದ ಓದಬಾರದು. ಈ ಕಾರ್ಡಿನಲ್ಲಿ ಗಣಿತದ ಒಂದು ಅಂಕಿ 7 ಎಂದೂ 1 ಎಂದೂ ಕಾಣುತ್ತಿತ್ತು. ಪಕ್ಕದ ಮೊತ್ತ 32 ಇದ್ದು, ಉಳಿದೆರಡು ಅಂಕಗಳು 12 ಮತ್ತು 13 ಆಗಿದ್ದರಿಂದ ಅದು 7 ಎಂದು ಖಚಿತವಾಯಿತು. ಶ್ರೇಣಿಯನ್ನು ಮಾತ್ರ ನೋಡಿದ್ದರೆ ಇದು ತಿಳಿಯುತ್ತಿರಲಿಲ್ಲ, ಏಕೆಂದರೆ ಅಲ್ಲಿ 1 ಇದ್ದರೂ ಆ ಮಗುವಿಗೆ ಸಿಗುತ್ತಿದ್ದದ್ದು ಅದೇ ಬಿ ಪ್ಲಸ್.

ಕಾರಣವನ್ನು ಸ್ವಲ್ಪ ವಿವರಿಸಬೇಕು. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ಈ ಕಾರ್ಡಿನಲ್ಲಿ ಮೊದಲ ಅವಧಿಗೆ ಪ್ರತಿ ವಿಷಯಕ್ಕೆ 50 ಅಂಕ. ಎಫ್‌ಎ-1 ಮತ್ತು ಎಫ್‌ಎ-2 ಎಂಬ ರೂಪಣಾತ್ಮಕ ಮೌಲ್ಯಮಾಪನಗಳಿಗೆ 15 ಮತ್ತು 15, ಎಸ್‌ಎ-1 ಎಂಬ ಸಂಕಲನಾತ್ಮಕ ಪರೀಕ್ಷೆಗೆ 20. ಮೂರನ್ನೂ ಕೂಡಿಸಿ ಶೇಕಡಾ ತೆಗೆದು ಶ್ರೇಣಿ ಕೊಡುತ್ತಾರೆ. ಶೇ 90 ಮತ್ತು ಅದಕ್ಕಿಂತ ಮೇಲೆ ಎ ಪ್ಲಸ್, 70ರಿಂದ 89 ಎ, 50ರಿಂದ 69 ಬಿ ಪ್ಲಸ್, 30ರಿಂದ 49 ಬಿ, ಅದಕ್ಕಿಂತ ಕೆಳಗೆ ಸಿ. ಒಂದೊಂದು ಶ್ರೇಣಿಯ ವ್ಯಾಪ್ತಿಯೂ ಇಷ್ಟು ಅಗಲವಾಗಿರುವುದರಿಂದ ಬಹಳ ಬೇರೆ ಬೇರೆ ಸ್ಥಿತಿಯ ಮಕ್ಕಳು ಒಂದೇ ಅಕ್ಷರದ ಕೆಳಗೆ ಬಂದು ನಿಲ್ಲುತ್ತಾರೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಎಫ್‌ಎ ಅಂಕಗಳಲ್ಲಿ ಚಟುವಟಿಕೆ, ಗುಂಪಿನ ಕೆಲಸ, ಮನೆಯಿಂದ ಮಾಡಿಕೊಂಡು ಬಂದ ಯೋಜನೆ ಇವೆಲ್ಲ ಸೇರಿರುತ್ತವೆ. ಎಸ್‌ಎ ಪರೀಕ್ಷೆಯಲ್ಲಿ ಮಗು ಒಂಟಿಯಾಗಿ ಕುಳಿತು ಬರೆಯುತ್ತದೆ. ಎರಡನ್ನೂ ಕೂಡಿಸಿದಾಗ ಒಂದರ ಇಳಿತವನ್ನು ಇನ್ನೊಂದರ ಏರು ಮುಚ್ಚಿಬಿಡುತ್ತದೆ.

ಆದ್ದರಿಂದ ನಾನು ಪ್ರತಿ ವಿಷಯಕ್ಕೂ ಎಫ್‌ಎ ಎರಡನ್ನು ಕೂಡಿಸಿ 30ಕ್ಕೆ ಎಷ್ಟು, ಎಸ್‌ಎ 20ಕ್ಕೆ ಎಷ್ಟು ಎಂದು ಬೇರೆ ಬೇರೆಯಾಗಿ ಹಾಳೆಯ ಮೇಲೆ ಬರೆದುಕೊಳ್ಳುತ್ತೇನೆ. ಈ ಹುಡುಗಿಗೆ ಕನ್ನಡದಲ್ಲಿ 13, 12, 15 ಬಂದು ಒಟ್ಟು 40, ಪರಿಸರ ಅಧ್ಯಯನದಲ್ಲಿ 12, 13, 14 ಬಂದು ಒಟ್ಟು 39 ಆಗಿತ್ತು. ಎರಡಕ್ಕೂ ಎ ಶ್ರೇಣಿ, ಎರಡರಲ್ಲೂ ಎಫ್‌ಎಗೂ ಎಸ್‌ಎಗೂ ದೊಡ್ಡ ಅಂತರವಿಲ್ಲ. ಇಂಗ್ಲಿಷಿನಲ್ಲಿ 9, 9, 12 ಸೇರಿ 30. ಗಣಿತದಲ್ಲಿ 12, 13, 7 ಸೇರಿ 32. ಕಾರ್ಡಿನ ಮೇಲೆ ಇಂಗ್ಲಿಷ್ ಮತ್ತು ಗಣಿತ ಎರಡಕ್ಕೂ ಬಿ ಪ್ಲಸ್ ಇದೆ, ಗಣಿತ ಎರಡಂಕ ಮುಂದೆಯೇ ಇದೆ. ಬಿಡಿಸಿ ನೋಡಿದರೆ ಇಂಗ್ಲಿಷಿನಲ್ಲಿ ಎಫ್‌ಎ ಶೇ 60, ಎಸ್‌ಎಯೂ ಶೇ 60. ಮಗು ನಿಧಾನವಾಗಿ, ಆದರೆ ಒಂದೇ ಸಮನೆ ನಡೆಯುತ್ತಿದೆ. ಗಣಿತದಲ್ಲಿ ಎಫ್‌ಎ ಶೇ 83 ಇದ್ದದ್ದು ಎಸ್‌ಎಯಲ್ಲಿ ಶೇ 35ಕ್ಕೆ ಇಳಿದಿದೆ. ತಂದೆ ಇಂಗ್ಲಿಷಿನ ಬಗ್ಗೆ ಚಿಂತಿಸುತ್ತಿದ್ದರು, ಕಾರ್ಡು ಬೊಟ್ಟು ಮಾಡುತ್ತಿದ್ದದ್ದು ಗಣಿತವನ್ನು.

ಇಷ್ಟು ಕಂಡ ಮೇಲೆ ಷರಾ ಓದಬೇಕು. ‘ಉತ್ತಮ’, ‘ತೃಪ್ತಿಕರ’, ‘ಇನ್ನೂ ಪ್ರಯತ್ನ ಬೇಕು’ ಎಂಬ ಮಾತುಗಳನ್ನು ಒಂದೇ ಸಂಜೆ ಇಡೀ ತರಗತಿಯ ಕಾರ್ಡುಗಳನ್ನು ತುಂಬುವ ಶಿಕ್ಷಕರು ಶ್ರೇಣಿಗೆ ತಕ್ಕಂತೆ ಬರೆಯುತ್ತಾರೆ, ನಾನೂ ಹಾಗೆಯೇ ಬರೆಯುತ್ತಿದ್ದೆ. ಅವು ಶ್ರೇಣಿಯನ್ನೇ ಇನ್ನೊಮ್ಮೆ ಹೇಳುತ್ತವೆ, ಹೊಸದೇನನ್ನೂ ತಿಳಿಸುವುದಿಲ್ಲ. ಒಂದು ವಿಷಯವನ್ನೋ ಒಂದು ಕೆಲಸವನ್ನೋ ಹೆಸರಿಸಿದ ಷರಾ ಮಾತ್ರ ಆ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಈ ಕಾರ್ಡಿನಲ್ಲಿ ‘ಉತ್ತಮ’ ಎಂದು ಬರೆದು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ದಿನಾಲೂ ಶಾಲೆಗೆ ಕಳುಹಿಸಿರಿ’ ಎಂದು ಸೇರಿಸಿದ್ದರು. ಇದು ಮಗುವಿಗಲ್ಲ, ಮನೆಯವರಿಗೆ ಬರೆದ ಮಾತು. ಹಾಜರಾತಿ ನೋಡಿದೆ. ಜೂನ್‌ನಲ್ಲಿ 24 ದಿನಗಳಿಗೆ 23, ಜುಲೈನಲ್ಲಿ 26ಕ್ಕೆ 25, ಆಗಸ್ಟ್‌ನಲ್ಲಿ 23ಕ್ಕೆ 21, ಸೆಪ್ಟೆಂಬರಿನಲ್ಲಿ 22ಕ್ಕೆ 11. ನಮ್ಮ ಭಾಗದಲ್ಲಿ ಅದು ಮುಂಗಾರಿನ ಹೆಸರುಕಾಳಿನ ಬೆಳೆ ಬಿಡಿಸುವ ಕಾಲ. ಅಜ್ಜಿ ಹೊಲಕ್ಕೆ ಹೋದಾಗ ಚಿಕ್ಕ ತಮ್ಮನನ್ನು ನೋಡಿಕೊಳ್ಳಲು ಹುಡುಗಿ ಮನೆಯಲ್ಲಿ ಉಳಿದಿದ್ದಳೆಂದು ಆಮೇಲೆ ಫೋನಿನಲ್ಲಿ ತಿಳಿಯಿತು. ಎಫ್‌ಎ-2 ಆಗಸ್ಟಿನಲ್ಲೇ ಮುಗಿದಿತ್ತು, ಎಸ್‌ಎ-1 ನಡೆದದ್ದು ಸೆಪ್ಟೆಂಬರ್ ಕೊನೆಯಲ್ಲಿ, ಹಾಗಾಗಿ ಇಳಿತ ಪರೀಕ್ಷೆಯಲ್ಲಿ ಮಾತ್ರ ಕಾಣಿಸಿಕೊಂಡಿತು. ಕನ್ನಡ, ಪರಿಸರ ಅಧ್ಯಯನಗಳಲ್ಲಿ ತಪ್ಪಿದ ಪಾಠವನ್ನು ಓದು ಬಲ್ಲ ಮಗು ಪುಸ್ತಕ ನೋಡಿ ಹಿಡಿದುಕೊಳ್ಳಬಹುದು. ಗಣಿತದಲ್ಲಿ ಒಂದು ಹಂತ ತಪ್ಪಿದರೆ ಮುಂದಿನ ಲೆಕ್ಕ ಕೂಡುವುದಿಲ್ಲ.

ಆದರೆ ಕಾರ್ಡು ಇಷ್ಟು ಹೇಳಿತೆಂದು ಅಲ್ಲಿಗೇ ತೀರ್ಮಾನಿಸಬಾರದು. ಎಸ್‌ಎ ಅಂಕ ಇಳಿಯಲು ಲೆಕ್ಕ ಬಾರದಿರುವುದೊಂದೇ ಕಾರಣವಲ್ಲ. ಪ್ರಶ್ನೆಯನ್ನು ಓದಿ ತಿಳಿಯಲಾಗದಿರಬಹುದು, ಆ ದಿನ ಜ್ವರ ಬಂದಿರಬಹುದು, ಎಫ್‌ಎ ಅಂಕಗಳೇ ಗುಂಪಿನ ಬಲದಿಂದ ಬಂದಿರಬಹುದು. ಇವುಗಳಲ್ಲಿ ಯಾವುದೆಂದು ತಿಳಿಯಲು ಒಂದೆರಡು ಲೆಕ್ಕ ಸಾಕು. ಸಂಜೆ ಹುಡುಗಿಯನ್ನು ಫೋನಿಗೆ ಕರೆಸಿ 248ನ್ನು 2ರಿಂದ ಭಾಗಿಸಲು ಹೇಳಿದೆ, 124 ಎಂದು ಸರಿಯಾಗಿ ಬಿಡಿಸಿದಳು. 432ನ್ನು 4ರಿಂದ ಭಾಗಿಸಲು ಹೇಳಿದರೆ 18 ಬಂತು. 4ರಲ್ಲಿ 4 ಒಂದು ಸಲ ಹೋಗುತ್ತದೆ, ಮುಂದಿನ 3ರಲ್ಲಿ 4 ಹೋಗುವುದಿಲ್ಲವಾದ್ದರಿಂದ ಅಲ್ಲಿ ಸೊನ್ನೆ ಬರೆದು 2ನ್ನು ಇಳಿಸಿಕೊಳ್ಳಬೇಕು. ಆ ಸೊನ್ನೆಯನ್ನು ಅವಳು ಬರೆದಿರಲಿಲ್ಲ. ಭಾಗಾಕಾರ ಕಲಿಯುವ ಮಕ್ಕಳು ಮತ್ತೆ ಮತ್ತೆ ಎಡವುವ ಜಾಗ ಇದು. ನಂತರ ನಾಲ್ಕು ಜನ ಸೇರಿ 432 ರೂಪಾಯಿ ಹಂಚಿಕೊಂಡರೆ ಒಬ್ಬರಿಗೆ ಎಷ್ಟಾಗುತ್ತದೆ ಎಂದು ಬಾಯಿಲೆಕ್ಕ ಕೇಳಿದೆ. ಸ್ವಲ್ಪ ಯೋಚಿಸಿ ‘ನೂರಾ ಎಂಟ್ರಿ’ ಎಂದಳು. ಎಂದರೆ ಹಂಚುವುದು ಏನೆಂಬುದು ಅವಳಿಗೆ ತಿಳಿದಿದೆ, ಮಾತಿನ ಲೆಕ್ಕವೂ ಅರ್ಥವಾಗುತ್ತದೆ. ಬರೆದು ಬಿಡಿಸುವ ಕ್ರಮದಲ್ಲಿ ಒಂದು ಹೆಜ್ಜೆ ಮಾತ್ರ ಬಿಟ್ಟುಹೋಗಿದೆ. ಸುಲಭದ ಲೆಕ್ಕವೂ ಆಗದೆ, ರೂಪಾಯಿಯ ಪ್ರಶ್ನೆಗೂ ಉತ್ತರ ಬಾರದೆ ಹೋಗಿದ್ದರೆ ನಾನು ಕೊಡುವ ಸಲಹೆ ಬೇರೆಯೇ ಆಗುತ್ತಿತ್ತು. ಆಗ ಹಿಂದಿನ ತರಗತಿಗಳ ಕಳೆಯುವುದು, ಮಗ್ಗಿ ಇವುಗಳಿಂದ ಆರಂಭಿಸಿ ನೋಡಬೇಕಾಗುತ್ತದೆ.

ಇನ್ನು ಕಾರ್ಡಿನ ಭಾಗ-ಬಿ. ಮನೋಭಾವ, ಮೌಲ್ಯ, ಕಲೆ, ಆರೋಗ್ಯ ಶಿಕ್ಷಣ ಎಂಬ ಈ ಕಾಲಮುಗಳಲ್ಲಿ ಬಹುತೇಕ ಮಕ್ಕಳಿಗೆ ಒಂದೇ ಶ್ರೇಣಿ ಇರುತ್ತದೆ. ಎಲ್ಲವೂ ಒಂದೇ ಇದ್ದರೆ ನಾನು ಮುಂದೆ ಹೋಗುತ್ತೇನೆ, ಒಂದು ಮಾತ್ರ ಬೇರೆ ಇದ್ದರೆ ಶಿಕ್ಷಕರನ್ನು ಕೇಳಿರಿ ಎನ್ನುತ್ತೇನೆ. ಅಂಕದ ಜಾಗದಲ್ಲಿ ‘ಗೈ’ ಎಂದಿದ್ದರೆ ಅದು ಗೈರುಹಾಜರಿ, ಸೊನ್ನೆ ಅಂಕವಲ್ಲ. ಇದನ್ನು ನೋಡಿ ಮಗು ನಪಾಸಾಯಿತೆಂದು ಹೆದರಿದ ತಾಯಂದಿರಿದ್ದಾರೆ.

ಉತ್ತರ ಕೊಡುವಾಗ ಮೊದಲ ವಾಕ್ಯದಲ್ಲೇ ಅವರು ಕೇಳಿದ ಪ್ರಶ್ನೆಗೆ ಉತ್ತರ ಇರಬೇಕು. ದೂರದಲ್ಲಿ ಕಟ್ಟಡದ ಕೆಲಸದ ನಡುವೆ ನಿಂತು ಕೇಳುವ ಮನುಷ್ಯನಿಗೆ ಮೊದಲು ಗಣಿತದ ಶೇಕಡಾ ಹೇಳಿದರೆ ಅವರು ರಾತ್ರಿ ಫೋನಿನಲ್ಲಿ ಮಗುವನ್ನು ಬೈಯುತ್ತಾರೆ. ‘ಬರೋಬರಿ ಐತಿ’ ಎಂದಷ್ಟೇ ಹೇಳಿ ಮುಗಿಸಿದರೆ ಬಿಟ್ಟುಹೋದ ಹೆಜ್ಜೆ ಹಾಗೆಯೇ ಉಳಿಯುತ್ತದೆ. ಈ ತಂದೆಗೆ ನಾನು ಕಳಿಸಿದ ಧ್ವನಿ ಸಂದೇಶ ಹೀಗಿತ್ತು: ‘ಮಗಳು ಚಲೋ ಓದಾಕತ್ಯಾಳ್ರಿ, ಅಂಜಬ್ಯಾಡ್ರಿ. ಇಂಗ್ಲಿಷ್ ನಿಧಾನಕ್ಕ ಬರ್ತೈತಿ. ಗಣಿತದಾಗ ಭಾಗಾಕಾರದ ಪಾಠ ಒಂದು ತಪ್ಪೈತಿ, ಸೆಪ್ಟೆಂಬರ್‌ದಾಗ ಅರ್ಧ ತಿಂಗಳು ಸಾಲಿಗೆ ಹೋಗಿಲ್ಲ. ಅಕಿಗೆ ಬೈಬ್ಯಾಡ್ರಿ. ಸಾಲಿ ಗುರುಗಳಿಗೆ ಫೋನ್ ಹಚ್ಚಿ ಆ ಪಾಠ ಇನ್ನೊಮ್ಮೆ ಹೇಳಿಕೊಡ್ರಿ ಅಂತ ಕೇಳ್ರಿ.’ ಟ್ಯೂಷನ್ ಹಚ್ಚಬೇಕೇ ಎಂದು ಅವರು ಕೇಳಿದರು, ಬೇಡವೆಂದೆ. ಹುಡುಗಿಗೆ ದಿನಕ್ಕೆ ನಾಲ್ಕು ಲೆಕ್ಕ ಕೊಟ್ಟೆ, ಎರಡರಲ್ಲಿ ನಡುವೆ ಸೊನ್ನೆ ಬರುವಂತೆ, ಎರಡರಲ್ಲಿ ಬಾರದಂತೆ. ಬಿಡಿಸಿದ ಮೇಲೆ ಉತ್ತರವನ್ನು ಮತ್ತೆ ಗುಣಿಸಿ ನೋಡುವುದು ಕಡ್ಡಾಯ. 18ನ್ನು 4ರಿಂದ ಗುಣಿಸಿದರೆ 72 ಬರುತ್ತದೆ, ಆಗ ತಪ್ಪು ಅವಳಿಗೇ ಕಾಣುತ್ತದೆ, ಹೇಳಲು ಮನೆಯಲ್ಲಿ ಓದು ಬಲ್ಲವರು ಇರಬೇಕಾಗಿಲ್ಲ.

ಕಾರ್ಡಿನ ಫೋಟೊದಲ್ಲಿ ಮಗುವಿನ ಹುಟ್ಟಿದ ದಿನಾಂಕವೂ ವಿದ್ಯಾರ್ಥಿಯನ್ನು ಗುರುತಿಸುವ ಎಸ್‌ಎಟಿಎಸ್ ಸಂಖ್ಯೆಯೂ ಇರುವುದರಿಂದ ಸ್ಟೇಟಸ್‌ನಲ್ಲಿ ಹಾಕಬೇಡಿರಿ ಎಂದು ಎಲ್ಲರಿಗೂ ಹೇಳುತ್ತೇನೆ, ಉತ್ತರ ಕೊಟ್ಟ ಮೇಲೆ ನಾನೂ ಅಳಿಸುತ್ತೇನೆ.

ಕೆಲವು ಶಾಲೆಗಳ ಕಾರ್ಡಿನಲ್ಲಿ ಅಂಕಗಳೇ ಇರುವುದಿಲ್ಲ, ಬರೀ ಶ್ರೇಣಿ ಇರುತ್ತದೆ. ಅಲ್ಲಿ ಮೇಲೆ ಹೇಳಿದ ಲೆಕ್ಕಾಚಾರ ಸಾಧ್ಯವಿಲ್ಲ, ಬರೋಬರಿ ಇದೆಯೋ ಇಲ್ಲವೋ ಎಂದು ನಾನು ಹೇಳುವುದೂ ಇಲ್ಲ. ಎಸ್‌ಎ ಉತ್ತರ ಪತ್ರಿಕೆಯನ್ನು ತೋರಿಸಿರೆಂದು ಶಾಲೆಯಲ್ಲಿ ಕೇಳಿ, ಅದರ ಫೋಟೊ ಕಳಿಸಿರಿ ಎನ್ನುತ್ತೇನೆ. ಗಣಿತದ ಪತ್ರಿಕೆಯಲ್ಲಿ ಮಗು ಖಾಲಿ ಬಿಟ್ಟ ಪ್ರಶ್ನೆಗಳನ್ನೂ ತಪ್ಪಾಗಿ ಬಿಡಿಸಿದ ಪ್ರಶ್ನೆಗಳನ್ನೂ ಬೇರೆ ಬೇರೆಯಾಗಿ ಗುರುತಿಸಿದರೆ, ಪಾಠವೇ ಮುಟ್ಟಿಲ್ಲವೋ ಅಥವಾ ಒಂದು ಹೆಜ್ಜೆ ಬಿಟ್ಟುಹೋಗಿದೆಯೋ ಎಂಬುದು ಗೊತ್ತಾಗುತ್ತದೆ.